ವಿಮಾನ ಅಷ್ಟು ಎತ್ತರದಲ್ಲಿ ಯಾಕೆ ಹಾರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ಕಡೆ ವಿಮಾನ ಹೊಸ ಸಂಗತಿಯಲ್ಲ. ನಮ್ಮ ಮನೆಯಲ್ಲಿ ಇಲ್ಲದಿದ್ದರೂ ಪಕ್ಕದ ಮನೆಯಲ್ಲಿ ಗಲ್ಫಿನಲ್ಲಿರುವವರು ಒಬ್ಬರಾದರೂ ಇರುತ್ತಾರೆ. ಬಜ್ಪೆಯಿಂದಲೋ ಕಣ್ಣೂರಿನಿಂದಲೋ ಹೋಗಿಬರುವವರು, ಅವರನ್ನು ಬಿಡಲು ಬರುವವರು, ಶಾಲೆಯ ಮಕ್ಕಳು, ವಿಜ್ಞಾನದ ಮೇಷ್ಟ್ರುಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಒಟ್ಟುಮಾಡಿದ್ದೇವೆ.

ಉದಾಹರಣೆಗೆ ಒಂದೇ ಪ್ರಯಾಣವನ್ನು ಹಿಡಿದುಕೊಂಡಿದ್ದೇವೆ: ಮಂಗಳೂರಿನಿಂದ ದುಬೈಗೆ ನೇರ ದೂರ ಸುಮಾರು 2,450 ಕಿಲೋಮೀಟರ್, ವಿಮಾನ ಬೋಯಿಂಗ್ 737-800, ದಾರಿಯ ನಡುವೆ ಅದರ ತೂಕ 65 ಟನ್. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗುವಂತೆ ಹತ್ತಿರದ ಸಂಖ್ಯೆಗೆ ತಂದಿದ್ದೇವೆ. ವಾಯುಮಂಡಲದ ಅಂಕಿಗಳು ವಿಮಾನದವರು ಬಳಸುವ ಪ್ರಮಾಣಿತ ಕೋಷ್ಟಕದವು.

## ಮೊದಲು ಕೇಳುವ ಪ್ರಶ್ನೆಗಳು

ಐದು, ಹತ್ತು ಸಾವಿರ ಅಡಿಯಲ್ಲೇ ಹೋದರೆ ಆಗದಾ? ಅಷ್ಟು ಮೇಲೆ ಹತ್ತುವುದೇ ದಂಡ ಅಲ್ವಾ?

ಹೋಗಬಹುದು, ವಿಮಾನಕ್ಕೆ ಏನೂ ಆಗುವುದಿಲ್ಲ. ಆದರೆ ದುಬೈ ತಲುಪುವಾಗ ಮೂರನೇ ಒಂದು ಪಾಲಿಗಿಂತಲೂ ಹೆಚ್ಚು ಇಂಧನ ಹೆಚ್ಚುವರಿಯಾಗಿ ಸುಟ್ಟಿರುತ್ತದೆ, ಒಂದೂವರೆ ಗಂಟೆ ತಡವೂ ಆಗಿರುತ್ತದೆ. ಕೆಳಗೆ ನಿಧಾನವಾಗಿ ಹಾರಿದರೂ ಮೇಲೆ ವೇಗವಾಗಿ ಹಾರಿದರೂ ಈ ವಿಮಾನ ಒಂದು ಗಂಟೆಗೆ ಸುಡುವ ಇಂಧನ ಹೆಚ್ಚುಕಡಿಮೆ ಒಂದೇ, ಸುಮಾರು 2,400 ಕಿಲೋ. ವ್ಯತ್ಯಾಸ ಇರುವುದು ಆ ಒಂದು ಗಂಟೆಯಲ್ಲಿ ಎಷ್ಟು ದಾರಿ ಸಾಗಿತು ಎಂಬುದರಲ್ಲಿ. ಮುಂದಿನ ಉತ್ತರಗಳೆಲ್ಲ ಈ ಮಾತಿನ ಸುತ್ತಲೇ ಇವೆ.

ಮೇಲೆ ಗಾಳಿ ತೆಳು ಅಂತಾರಲ್ಲ, ಎಷ್ಟು ತೆಳು?

ಕುಂಬಳೆಯ ಕಡಲ ಕರೆಯಲ್ಲಿ ಒಂದು ಮೀಟರ್ ಉದ್ದ, ಅಗಲ, ಎತ್ತರದ ಪೆಟ್ಟಿಗೆ ಇಟ್ಟರೆ ಅದರೊಳಗಿನ ಗಾಳಿಯ ತೂಕ ಸುಮಾರು 1.2 ಕಿಲೋ. ಅದೇ ಪೆಟ್ಟಿಗೆಯನ್ನು 10,000 ಅಡಿಗೆ ಒಯ್ದು ಅಲ್ಲಿನ ಗಾಳಿ ತುಂಬಿಸಿದರೆ 900 ಗ್ರಾಂ. 35,000 ಅಡಿಯಲ್ಲಿ, ಅಂದರೆ ನೆಲದಿಂದ 10.7 ಕಿಲೋಮೀಟರ್ ಮೇಲೆ, 380 ಗ್ರಾಂ ಮಾತ್ರ. ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಇದನ್ನು ಕಣ್ಣಾರೆ ನೋಡಬೇಕಾದರೆ ಊರಿನಿಂದ ಕಟ್ಟಿಕೊಂಡು ಹೋದ ಬಾಳೆಕಾಯಿ ಚಿಪ್ಸಿನ ಪ್ಯಾಕೆಟ್ಟನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ. ವಿಮಾನ ಮೇಲೇರಿ ಅರ್ಧ ಗಂಟೆಯಾಗುವಾಗ ಅದು ದಿಂಬಿನಂತೆ ಉಬ್ಬಿ ಬಿರಿಯುವ ಹಾಗೆ ಆಗಿರುತ್ತದೆ. ಪ್ರಯಾಣಿಕರಿಗಾಗಿ ಒಳಗೆ ಗಾಳಿ ತುಂಬಿಸಿ ಇಟ್ಟಿದ್ದರೂ ಕ್ಯಾಬಿನ್ನಿನ ಒತ್ತಡ ನೆಲದ ಒತ್ತಡದ ಮುಕ್ಕಾಲು ಪಾಲಿನ ಹತ್ತಿರ ಇಳಿದಿರುತ್ತದೆ; ಕಟ್ಟುವಾಗ ಒಳಗೆ ಸೇರಿದ ನೆಲದ ಗಾಳಿ ಪ್ಯಾಕೆಟ್ಟನ್ನು ಹೊರಕ್ಕೆ ನೂಕುತ್ತದೆ. ಕಿಟಕಿಯ ಆಚೆ ಇರುವುದು ಕಾಲು ಪಾಲಿಗಿಂತಲೂ ಕಡಿಮೆ. ಇದರ ಉಲ್ಟಾವನ್ನೂ ನೋಡಬಹುದು: ಮೇಲೆ ನೀರು ಕುಡಿದು ಮುಚ್ಚಳ ಬಿಗಿದಿಟ್ಟ ಖಾಲಿ ಬಾಟಲಿ ಇಳಿದ ಮೇಲೆ ಹಿಸುಕಿದ ಹಾಗೆ ಚಪ್ಪಟೆಯಾಗಿರುತ್ತದೆ.

ತೆಳು ಗಾಳಿಯಲ್ಲಿ ತಡೆ ಕಡಿಮೆ, ಅದಕ್ಕೇ ಇಂಧನ ಉಳಿಯುತ್ತದೆ. ಇಷ್ಟೇ ತಾನೆ?

ಹೆಚ್ಚಿನವರು ಹೇಳುವುದು ಇದನ್ನೇ. ಪಠ್ಯಪುಸ್ತಕದ ಉತ್ತರವೂ ಇಷ್ಟೇ ಇರುತ್ತದೆ. ಇದು ಅರ್ಧ ಸತ್ಯ, ಉಳಿದರ್ಧದಲ್ಲೇ ವಿಷಯದ ಜೀವ ಇದೆ.

ಗಾಳಿ ತೆಳುವಾದರೆ ವಿಮಾನವನ್ನು ಹಿಂದಕ್ಕೆ ಹಿಡಿಯುವ ಗಾಳಿಯೂ ಕಡಿಮೆ, ನಿಜ. ಆದರೆ ರೆಕ್ಕೆಯನ್ನು ಮೇಲಕ್ಕೆ ಹೊರುವುದೂ ಅದೇ ಗಾಳಿ. 65 ಟನ್ ತೂಕ ಎತ್ತರ ಏರಿದ ಮಾತ್ರಕ್ಕೆ ಕಡಿಮೆಯಾಗುವುದಿಲ್ಲ. ತೆಳುವಾದ ಗಾಳಿಯಿಂದ ಅಷ್ಟೇ ತೂಕ ಹೊರಿಸಬೇಕಾದರೆ ರೆಕ್ಕೆಯ ಮೇಲೆ ಗಾಳಿ ಇನ್ನೂ ವೇಗವಾಗಿ ಹರಿಯಬೇಕು. ಹೊರುವ ಬಲವೂ ತಡೆಯೂ ಎರಡು ಸಂಗತಿಗಳನ್ನು ನೆಚ್ಚಿಕೊಂಡಿವೆ: ಗಾಳಿಯ ಸಾಂದ್ರತೆ ಮತ್ತು ವೇಗದ ವರ್ಗ. ಸಾಂದ್ರತೆ ಎಷ್ಟು ಪಟ್ಟು ಇಳಿಯಿತೋ ವೇಗದ ವರ್ಗ ಅಷ್ಟೇ ಪಟ್ಟು ಏರಿದರೆ ಹೊರುವ ಬಲ ಮೊದಲಿನಷ್ಟೇ ಇರುತ್ತದೆ, ತಡೆಯೂ ಮೊದಲಿನಷ್ಟೇ ಇರುತ್ತದೆ.

ಅಂದರೆ ಪ್ರತಿ ಎತ್ತರದಲ್ಲೂ ಆ ಎತ್ತರಕ್ಕೆ ಒಪ್ಪುವ ವೇಗದಲ್ಲಿ ಹಾರಿಸಿದರೆ ತಡೆ ಎಲ್ಲ ಕಡೆಯೂ ಒಂದೇ. ನಮ್ಮ 65 ಟನ್ನಿನ ವಿಮಾನಕ್ಕೆ ಅದು ಸುಮಾರು 3.8 ಟನ್ ಭಾರದಷ್ಟು, ತೂಕದ ಹದಿನೇಳರಲ್ಲಿ ಒಂದು ಪಾಲು. ಎತ್ತರ ಏರಿದಾಗ ಸಿಗುವ ಲಾಭ ಬೇರೆಯೇ: ಅದೇ 3.8 ಟನ್ ತಡೆಗೆ ಇನ್ನೂ ಹೆಚ್ಚಿನ ವೇಗ ಸಿಗುತ್ತದೆ. 10,000 ಅಡಿಯಲ್ಲಿ ಆ ತಡೆಗೆ ಸಿಗುವುದು ಗಂಟೆಗೆ 540 ಕಿಲೋಮೀಟರ್. 35,000 ಅಡಿಯಲ್ಲಿ 830.

ಮೇಲೆ ಹೋಗುವ ವೇಗದಲ್ಲೇ ಕೆಳಗೂ ಹೋದರೆ?

ಆಗ ತಡೆ ಏರುತ್ತದೆ. ಗಂಟೆಗೆ 830 ಕಿಲೋಮೀಟರನ್ನು ಸಮುದ್ರಮಟ್ಟದ ಗಾಳಿಯಲ್ಲಿ ಓಡಿಸಿದರೆ ಮೈಯನ್ನು ಉಜ್ಜಿಕೊಂಡು ಹೋಗುವ ಗಾಳಿಯ ತಡೆ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ತೂಕ ಹೊರುವುದರಿಂದ ಹುಟ್ಟುವ ಇನ್ನೊಂದು ಬಗೆಯ ತಡೆ ವೇಗ ಏರಿದಂತೆ ಇಳಿಯುತ್ತದೆ. ಎರಡನ್ನೂ ಕೂಡಿಸಿದರೆ ಒಟ್ಟು ತಡೆ ಹತ್ತಿರ ಹತ್ತಿರ ಎರಡು ಪಟ್ಟು.

ಹಾಗೆ ಓಡಿಸಲು ಅನುಮತಿಯೂ ಇಲ್ಲ. ಈ ವಿಮಾನದ ಮೈಗೆ ತಗಲುವ ಗಾಳಿಯೊತ್ತಡದ ಮಿತಿಯನ್ನು 340 ನಾಟ್ ಎಂದು ವೇಗದಲ್ಲಿ ಬರೆದಿಟ್ಟಿದ್ದಾರೆ. ಸಮುದ್ರಮಟ್ಟದಲ್ಲಿ ಅದು ಗಂಟೆಗೆ 630 ಕಿಲೋಮೀಟರ್. ಅದನ್ನು ಮೀರಿದರೆ ಕಾಕ್‌ಪಿಟ್ಟಿನಲ್ಲಿ ಎಚ್ಚರಿಕೆಯ ಸದ್ದು ಬಡಿದುಕೊಳ್ಳುತ್ತದೆ.

ಹತ್ತುವುದಕ್ಕೇ ಬೇಕಾದಷ್ಟು ಇಂಧನ ಹೋಗುವುದಿಲ್ಲವಾ? ಲೆಕ್ಕ ಹಾಕಿ ತೋರಿಸಿ.

ಮೊದಲು ಮಟ್ಟಸವಾಗಿ ಹಾರುವಾಗಿನ ಲೆಕ್ಕ. ಎರಡೂ ಎತ್ತರದಲ್ಲಿ ಗಂಟೆಗೆ 2,400 ಕಿಲೋ ಇಂಧನ ಎಂದು ಹಿಡಿಯೋಣ. 35,000 ಅಡಿಯಲ್ಲಿ 2,400ನ್ನು 830ರಿಂದ ಭಾಗಿಸಿದರೆ ಒಂದು ಕಿಲೋಮೀಟರಿಗೆ 2.9 ಕಿಲೋ. 10,000 ಅಡಿಯಲ್ಲಿ 2,400ನ್ನು 540ರಿಂದ ಭಾಗಿಸಿದರೆ 4.4 ಕಿಲೋ. ಒಂದೊಂದು ಕಿಲೋಮೀಟರಿಗೂ ಒಂದೂವರೆ ಕಿಲೋ ವ್ಯತ್ಯಾಸ.

ಇನ್ನು ಹತ್ತುವುದು. ನೆಲದಿಂದ 35,000 ಅಡಿ ಮುಟ್ಟಲು ಇಪ್ಪತ್ತು ನಿಮಿಷದ ಆಸುಪಾಸು ಬೇಕು, ಸುಮಾರು 1,600 ಕಿಲೋ ಇಂಧನ ಬೇಕು. ದೊಡ್ಡ ಖರ್ಚೇ. ಆದರೆ ಈ 1,600 ಕಿಲೋ ಬರೀ ಏರಿಸುವುದಿಲ್ಲ, ಏರುತ್ತಲೇ ವಿಮಾನವನ್ನು 220 ಕಿಲೋಮೀಟರ್ ಮುಂದಕ್ಕೂ ಒಯ್ದಿರುತ್ತದೆ. ಇಳಿಯುವಾಗ ಹತ್ತಿದ್ದರಲ್ಲಿ ಒಂದು ಪಾಲು ವಾಪಸು ಬರುತ್ತದೆ. ದುಬೈಗೆ ಇನ್ನೂ 195 ಕಿಲೋಮೀಟರ್ ಇರುವಾಗಲೇ ಪೈಲಟ್ ಇಂಜಿನನ್ನು ಬಹುತೇಕ ಐಡಲಿಗೆ ತಂದಿರುತ್ತಾರೆ, ಗುಡ್ಡದ ರಸ್ತೆಯಲ್ಲಿ ಬಸ್ಸು ಇಳಿಜಾರಿನ ಬಲದಲ್ಲೇ ಇಳಿದ ಹಾಗೆ ವಿಮಾನ ಜಾರುತ್ತದೆ. ಇಂಜಿನ್ನಿನ ಸದ್ದು ತಟ್ಟನೆ ತಗ್ಗಿ ಕಿವಿ ಮುಚ್ಚಿದಂತಾಗುವ ಗಳಿಗೆ ಅದೇ. ಆ ಇಳಿತಕ್ಕೆಲ್ಲ ಸೇರಿ ಸುಮಾರು 300 ಕಿಲೋ ಸಾಕು.

ಹತ್ತಿ ಇಳಿದ ಒಟ್ಟು ದಾರಿ 415 ಕಿಲೋಮೀಟರ್, ಇಂಧನ 1,900 ಕಿಲೋ. ಅಷ್ಟೇ ದಾರಿಯನ್ನು 10,000 ಅಡಿಯಲ್ಲಿ ಕ್ರಮಿಸಿದ್ದರೆ 1,830 ಕಿಲೋ. ಅಂದರೆ ಹತ್ತಿದ ಸಾಲ ಇಳಿಯುವಷ್ಟರಲ್ಲಿ ಹೆಚ್ಚುಕಡಿಮೆ ತೀರಿಹೋಗಿದೆ. ನಡುವಿನ ಸುಮಾರು 2,035 ಕಿಲೋಮೀಟರಿನಲ್ಲಿ ಉಳಿಯುವ ಒಂದೂವರೆ ಕಿಲೋಗಳೆಲ್ಲ ನಿವ್ವಳ ಲಾಭ: ಮೂರು ಟನ್ ಇಂಧನ. ಅದು ಸಾಮಾನು ಸೇರಿ ಮೂವತ್ತು ಪ್ರಯಾಣಿಕರ ತೂಕದ ಹತ್ತಿರ ಬರುತ್ತದೆ.

## ಇಂಜಿನ್ನಿನ ಬಗ್ಗೆ ಕೇಳುವವು

ಅಲ್ಲಿ ಆಮ್ಲಜನಕವೇ ಕಡಿಮೆ. ಇಂಜಿನ್ ಉರಿಯುವುದಾದರೂ ಹೇಗೆ?

ಬಾಯಿ ದೊಡ್ಡದು, ಒಳಗೆ ಒತ್ತುವ ಏರ್ಪಾಡೂ ಇದೆ. ಇಂಜಿನ್ನಿನ ಮುಂದಿನ ಫ್ಯಾನಿನ ಅಡ್ಡಳತೆ ಒಂದೂವರೆ ಮೀಟರಿಗೂ ಹೆಚ್ಚು, ಅದು ಹೋಗುವ ವೇಗ ಸೆಕೆಂಡಿಗೆ 230 ಮೀಟರ್. ತೆಳುವಾದರೂ ಬೇಕಾದಷ್ಟು ಗಾಳಿ ಒಳನುಗ್ಗುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಉರಿಯುವ ಜಾಗಕ್ಕೆ ಹೋಗದೆ ಹೊರಸುತ್ತಿನಿಂದ ಹಿಂದಕ್ಕೆ ಚಿಮ್ಮುತ್ತದೆ. ಉಳಿದದ್ದನ್ನು ಕಂಪ್ರೆಸರ್ ಮೆಟ್ಟಿಲು ಮೆಟ್ಟಿಲಾಗಿ ಒತ್ತಿ ಇಪ್ಪತ್ತು ಪಟ್ಟಿಗಿಂತ ಹೆಚ್ಚು ಬಿಗಿಮಾಡಿ ಉರಿಯ ಕೋಣೆಗೆ ಕಳಿಸುತ್ತದೆ. ಅಲ್ಲಿ ಸೀಮೆಎಣ್ಣೆಯ ಜಾತಿಯ ಆ ಇಂಧನ ಉರಿಯುವಾಗ ಗಾಳಿ ನೆಲದ ಗಾಳಿಗಿಂತ ಎಷ್ಟೋ ದಟ್ಟವಾಗಿರುತ್ತದೆ.

ಆದರೆ ಒಟ್ಟು ಗಾಳಿ ಕಡಿಮೆ ಇರುವುದರಿಂದ ಇಂಜಿನ್ ಕೊಡಬಲ್ಲ ಗರಿಷ್ಠ ನೂಕುಬಲ ಇಳಿಯುತ್ತದೆ. ಬಜ್ಪೆಯ ರನ್‌ವೇಯಲ್ಲಿ ಒಂದೊಂದು ಇಂಜಿನ್ 12 ಟನ್ ಬಲದಲ್ಲಿ ನೂಕಬಲ್ಲದು. 35,000 ಅಡಿಯಲ್ಲಿ ಎರಡೂವರೆ ಟನ್ ಬಂದರೆ ಹೆಚ್ಚು. ಇದು ಕೊರತೆಯಂತೆ ಕಾಣುತ್ತದೆ, ಆದರೆ ಮುಂದಿನ ಉತ್ತರ ನೋಡಿ.

ಕೆಳಗೆ ಹಾರುವಾಗ ಇಂಜಿನನ್ನು ಕಾಲು ಶಕ್ತಿಯಲ್ಲಿ ಓಡಿಸಿದರೆ ಉಳಿತಾಯ ಆಗಬೇಕಲ್ಲ?

ಸ್ಕೂಟರಿನ ಅನುಭವದಿಂದ ಹಾಗೆ ಅನ್ನಿಸುವುದು ಸಹಜ. ಜೆಟ್ ಇಂಜಿನ್ನಿನ ಸ್ವಭಾವ ಬೇರೆ. ಅದನ್ನು ರನ್‌ವೇಯಿಂದ ಏಳಿಸಲು, ಏಳುವಾಗ ಒಂದು ಕೆಟ್ಟರೂ ಇನ್ನೊಂದೇ ಎತ್ತಿ ಒಯ್ಯುವಷ್ಟು ದೊಡ್ಡದಾಗಿ ಮಾಡಿರುತ್ತಾರೆ. ಅಷ್ಟು ದೊಡ್ಡ ಇಂಜಿನ್ನಿಗೆ 10,000 ಅಡಿಯಲ್ಲಿ ಕೆಲಸ ಸಾಲದು. ಬೇಕಾದದ್ದು 3.8 ಟನ್, ಎರಡೂ ಸೇರಿ ಕೊಡಬಲ್ಲದ್ದರ ಮೂರನೇ ಒಂದು ಪಾಲೂ ಅಲ್ಲ. ಹೀಗೆ ಅರೆಮನಸ್ಸಿನಲ್ಲಿ ತಿರುಗುವಾಗ ಕಂಪ್ರೆಸರ್ ಗಾಳಿಯನ್ನು ಪೂರ್ತಿ ಒತ್ತುವುದಿಲ್ಲ. ಒತ್ತಡ ಕಡಿಮೆಯಾದರೆ ಅದೇ ಒಂದು ಲೋಟ ಇಂಧನದ ಬಿಸಿಯಿಂದ ಸಿಗುವ ಕೆಲಸವೂ ಕಡಿಮೆ.

35,000 ಅಡಿಯಲ್ಲಿ ಕೊಡಬಲ್ಲದ್ದು ಎರಡೂ ಸೇರಿ 5 ಟನ್, ಬೇಕಾದದ್ದು ಅದೇ 3.8 ಟನ್. ಮುಕ್ಕಾಲು ಪಾಲು. ಇಂಜಿನ್ ಮಾಡಿದವರು ಅದರ ಎಲೆಗಳ ಕೋನ, ಅಂತರ, ಸುತ್ತುವ ವೇಗವನ್ನೆಲ್ಲ ಹೊಂದಿಸಿಟ್ಟಿರುವುದು ಈ ಹದಕ್ಕೇ. ತೆಳು ಗಾಳಿ ದೊಡ್ಡ ಇಂಜಿನನ್ನು ಕೆಲಸಕ್ಕೆ ತಕ್ಕ ಗಾತ್ರಕ್ಕೆ ಇಳಿಸಿದ ಹಾಗಾಯಿತು.

ಚಳಿ ಗಾಳಿ ಇಂಜಿನ್ನಿಗೆ ಒಳ್ಳೆಯದು ಅನ್ನುವುದು ನಿಜವಾ?

ನಿಜ. ಗಾಳಿಯನ್ನು ಇಂತಿಷ್ಟು ಪಟ್ಟು ಒತ್ತಲು ಬೇಕಾಗುವ ಶ್ರಮ ಅದರ ನಿಜ ಉಷ್ಣತೆಗೆ, ಅಂದರೆ ಕೆಲ್ವಿನ್ ಲೆಕ್ಕದ ಉಷ್ಣತೆಗೆ, ತಕ್ಕಂತೆ ಇರುತ್ತದೆ. 10,000 ಅಡಿಯ ಗಾಳಿ ಮೈನಸ್ 5 ಡಿಗ್ರಿ, 35,000 ಅಡಿಯದ್ದು ಮೈನಸ್ 54. ಕೆಲ್ವಿನ್ನಿನಲ್ಲಿ 268 ಮತ್ತು 219. ವೇಗವಾಗಿ ಹೋಗುವಾಗ ಎದುರಾದ ಗಾಳಿ ಒತ್ತಿಹೋಗಿ ಸ್ವಲ್ಪ ಬಿಸಿಯಾಗುತ್ತದೆ, ಅದನ್ನು ಸೇರಿಸಿದರೂ ಕಂಪ್ರೆಸರಿನ ಬಾಯಿಗೆ ಬರುವ ಗಾಳಿ ಮೇಲೆ ಶೇ 12ರಷ್ಟು ತಣ್ಣಗೆ. ಒತ್ತುವ ಶ್ರಮವೂ ಅಷ್ಟೇ ಉಳಿತಾಯ. ಹಿಂದಿನ ಟರ್ಬೈನ್ ತಾಳಬಲ್ಲ ಬಿಸಿಗೆ ಒಂದು ಮಿತಿ ಇದೆ; ಮುಂದೆ ತಣ್ಣಗಿದ್ದಷ್ಟು ಆ ಮಿತಿಯೊಳಗೆ ಹೆಚ್ಚು ಕೆಲಸ ತೆಗೆಯಬಹುದು.

ಚಳಿ, ಒಪ್ಪುವ ಹೊರೆ, ವೇಗ ಈ ಮೂರೂ ಸೇರಿದಾಗ ಏನಾಗುತ್ತದೆ ಎಂಬುದನ್ನು ಒಂದೇ ಸಂಖ್ಯೆಯಲ್ಲಿ ಹಿಡಿಯಬಹುದು. ಗಂಟೆಗೆ 2,400 ಕಿಲೋ ಇಂಧನ ಉರಿದರೆ ಹೊರಬರುವ ಬಿಸಿಯ ಶಕ್ತಿ ಸುಮಾರು 29 ಮೆಗಾವಾಟ್. 35,000 ಅಡಿಯಲ್ಲಿ 3.8 ಟನ್ ತಡೆಯ ವಿರುದ್ಧ ಸೆಕೆಂಡಿಗೆ 231 ಮೀಟರ್ ಹೋಗುವ ಕೆಲಸ 8.6 ಮೆಗಾವಾಟ್, ಅಂದರೆ ಶೇ 30. 10,000 ಅಡಿಯಲ್ಲಿ ಅದೇ ತಡೆ, ಸೆಕೆಂಡಿಗೆ 150 ಮೀಟರ್, 5.6 ಮೆಗಾವಾಟ್, ಶೇ 20ಕ್ಕೂ ಸ್ವಲ್ಪ ಕಡಿಮೆ. ಸುಟ್ಟ ಇಂಧನ ಒಂದೇ, ದಾರಿಗೆ ಬಿದ್ದದ್ದು ಒಂದೂವರೆ ಪಟ್ಟು.

## ಎತ್ತರದ ಮಿತಿ

ಹಾಗಾದರೆ 60,000 ಅಡಿಗೆ ಯಾಕೆ ಹೋಗುವುದಿಲ್ಲ?

ಶಬ್ದದ ವೇಗ ಅಡ್ಡ ಬರುತ್ತದೆ. ಊರಿನ 30 ಡಿಗ್ರಿ ಬಿಸಿಲಿನಲ್ಲಿ ಶಬ್ದ ಸೆಕೆಂಡಿಗೆ 349 ಮೀಟರ್ ಹೋದರೆ ಮೈನಸ್ 54ರಲ್ಲಿ 296 ಮಾತ್ರ. ಇಂಥ ವಿಮಾನದ ರೆಕ್ಕೆಗೆ ಶಬ್ದವೇಗದ ಶೇ 82 ಮೇಲಿನ ಗಡಿ. ಆರಾಮದ ಓಟ ಶೇ 78ರಲ್ಲಿ. ಆ ಗಡಿಯನ್ನು ಮೀರಿದರೆ ರೆಕ್ಕೆಯ ಬೆನ್ನ ಮೇಲೆ ಶಬ್ದವನ್ನು ಮೀರಿದ ಗಾಳಿ ಆಘಾತ ಅಲೆ ಎಬ್ಬಿಸಿ ತಡೆಯನ್ನು ಒಮ್ಮೆಲೇ ಏರಿಸುತ್ತದೆ.

ಈಗ ಮೊದಲಿನ ವಾದಕ್ಕೆ ಮರಳಿ. ತೆಳು ಗಾಳಿಗೆ ಬೆಲೆ ಕಟ್ಟುವುದು ವೇಗದಿಂದ. ವೇಗ ಏರಿಸಲು ಇನ್ನು ಆಗದು ಎಂಬ ಎತ್ತರ ಬಂದ ಮೇಲೆ ಇನ್ನೂ ಮೇಲೆ ಹೋದರೆ ರೆಕ್ಕೆಯನ್ನು ಹೆಚ್ಚು ಹೆಚ್ಚು ಮೇಲಕ್ಕೆ ಓರೆಮಾಡಿ ತೂಕ ಹೊರಿಸಬೇಕಾಗುತ್ತದೆ. ಆ ಓರೆ ತಡೆಯನ್ನು ಏರಿಸುತ್ತದೆ. 65 ಟನ್ನಿನ 737-800ಕ್ಕೆ ಆ ತಿರುವು 36,000 ಅಡಿಯ ಆಸುಪಾಸಿನಲ್ಲಿ ಬರುತ್ತದೆ.

ಅದರ ಮೇಲೆ ಹೋಗುತ್ತಾ ಹೋದಂತೆ ಎರಡು ಗೋಡೆಗಳು ಹತ್ತಿರವಾಗುತ್ತವೆ. ಇದಕ್ಕಿಂತ ನಿಧಾನವಾದರೆ ಗಾಳಿ ರೆಕ್ಕೆ ಬಿಟ್ಟು ಕಳಚಿಕೊಳ್ಳುತ್ತದೆ. ಇದಕ್ಕಿಂತ ವೇಗವಾದರೆ ಆಘಾತ ಅಲೆಯಿಂದ ನಡುಕ. ಪೈಲಟ್ಟಿನ ವೇಗದ ಪಟ್ಟಿಯಲ್ಲಿ ಮೇಲೊಂದು ಕೆಳಗೊಂದು ಎಚ್ಚರಿಕೆಯ ಗುರುತುಗಳಿರುತ್ತವೆ, ನಡುವೆ ಉಳಿದ ಜಾಗ ಬರಬರುತ್ತಾ ಕಿರಿದಾಗುವುದನ್ನು ಕಣ್ಣಿನಲ್ಲೇ ನೋಡಬಹುದು. ತಿರುಗುವಾಗ ಅಥವಾ ಗಾಳಿಯ ಕುಲುಕಾಟದಲ್ಲಿ ತೂಕ ಕ್ಷಣಕಾಲ ಹೆಚ್ಚಿದಂತಾಗುತ್ತದೆ, ಅದಕ್ಕೂ ಜಾಗ ಬಿಟ್ಟೇ ಗರಿಷ್ಠ ಎತ್ತರ ಗೊತ್ತುಮಾಡುತ್ತಾರೆ. ಕ್ಯಾಬಿನ್ನಿನ ಒತ್ತಡವೂ ಒಂದು ಮಿತಿ: ಒಳಗಿನ ಮತ್ತು ಹೊರಗಿನ ಒತ್ತಡದ ಅಂತರ ಈಗಾಗಲೇ ಚದರ ಮೀಟರಿಗೆ ಹತ್ತಿರ ಹತ್ತಿರ 6 ಟನ್, ಅದು ಪ್ರತಿ ಹಾರಾಟದಲ್ಲೂ ವಿಮಾನದ ಮೈಯನ್ನು ಬಲೂನಿನಂತೆ ಬಿಗಿದು ಸಡಿಲಿಸುತ್ತದೆ. ಈ ಮಾದರಿಗೆ ಕಟ್ಟಕಡೆಯ ಮೇಲ್ಮಿತಿ 41,000 ಅಡಿ. ಕಾಂಕಾರ್ಡ್ 60,000 ಅಡಿ ಮುಟ್ಟುತ್ತಿದ್ದದ್ದು ಶಬ್ದದ ಎರಡು ಪಟ್ಟು ವೇಗದಿಂದ.

ದುಬೈಗೆ ಹೋಗುವಾಗ ಪರದೆಯಲ್ಲಿ 36,000 ತೋರಿಸಿತು, ಬರುವಾಗ 37,000. ನಡುವೆ ಒಮ್ಮೆ ಎರಡು ಸಾವಿರ ಅಡಿ ಏರಿತು ಕೂಡ. ಯಾಕೆ?

ಎರಡು ಬೇರೆ ಕಾರಣಗಳು. ಪಶ್ಚಿಮದ ಕಡೆ ಹೋಗುವವರಿಗೆ ಸಾಮಾನ್ಯವಾಗಿ 34, 36, 38 ಸಾವಿರದಂಥ ಸಮ ಸಂಖ್ಯೆ; ಪೂರ್ವದ ಕಡೆ ಬರುವವರಿಗೆ 33, 35, 37ರಂಥ ಬೆಸ ಸಂಖ್ಯೆ. ಎದುರು ಬದುರು ಬರುವ ವಿಮಾನಗಳ ನಡುವೆ ಸಾವಿರ ಅಡಿ ಉಳಿಯಲಿ ಎಂದು ಈ ಏರ್ಪಾಡು.

ನಡುವೆ ಏರುವುದು ತೂಕ ಇಳಿದದ್ದಕ್ಕೆ. ಒಪ್ಪುವ ಎತ್ತರ ತೂಕವನ್ನು ಅವಲಂಬಿಸಿದೆ: ತೂಕ ಶೇ 10 ಇಳಿದರೆ ಶೇ 10 ಕಡಿಮೆ ಒತ್ತಡದ ಗಾಳಿಯೇ ಸಾಕು, ಅದು ಸಿಗುವುದು ಸುಮಾರು 2,200 ಅಡಿ ಮೇಲೆ. ದುಬೈ ದಾರಿಯಲ್ಲಿ 70 ಟನ್ನಿನಿಂದ 63ಕ್ಕೆ ಇಳಿಯುವಷ್ಟರಲ್ಲಿ ಅಷ್ಟಾಗುತ್ತದೆ. ಇಂಧನ ಉರಿದಂತೆ ಸ್ವಲ್ಪ ಸ್ವಲ್ಪವೇ ಏರುತ್ತಾ ಹೋಗುವುದು ಸರಿಯಾದ ದಾರಿ, ಆದರೆ ಮೇಲೆ ಕೆಳಗೆ ಬೇರೆ ವಿಮಾನಗಳಿರುವಾಗ ಮೆಟ್ಟಿಲಿನಂತೆ ಏರಲಷ್ಟೇ ಅನುಮತಿ ಸಿಗುತ್ತದೆ. ಏರಲು ಅವಕಾಶವೇ ಸಿಗದೆ ಎರಡು ಸಾವಿರ ಅಡಿ ಕೆಳಗೇ ಉಳಿದರೆ ನಷ್ಟ ಶೇ 1 ರಿಂದ 2. ನಾಲ್ಕು ಸಾವಿರ ಅಡಿ ಕೆಳಗಾದರೆ ಶೇ 4ರ ಹತ್ತಿರ. ಒಪ್ಪುವ ಎತ್ತರದಿಂದ ಕೆಳಗಿಳಿದಷ್ಟೂ ನಷ್ಟ ಸಮನಾಗಿ ಬೆಳೆಯದೆ ಜೋರಾಗಿ ಬೆಳೆಯುತ್ತದೆ.

ಎದುರು ಗಾಳಿ ಜೋರಾಗಿದ್ದರೂ ಮೇಲೆಯೇ ಹೋಗುತ್ತಾರಾ?

ಯಾವಾಗಲೂ ಅಲ್ಲ. ಈಗಷ್ಟೇ ಹೇಳಿದ ಅಂಕಿಯನ್ನೇ ತಕ್ಕಡಿಗೆ ಹಾಕಿ. ಎರಡು ಸಾವಿರ ಅಡಿ ಕೆಳಗಿಳಿದರೆ ನಷ್ಟ ಶೇ 1.5 ಎಂದಿಟ್ಟುಕೊಳ್ಳಿ, ಗಂಟೆಗೆ 830ರಲ್ಲಿ ಅದು 12 ಕಿಲೋಮೀಟರಿಗೆ ಸಮ. ಅಲ್ಲಿ ಎದುರು ಗಾಳಿಯ ವೇಗ ಗಂಟೆಗೆ 12 ಕಿಲೋಮೀಟರಿಗಿಂತಲೂ ಜಾಸ್ತಿ ತಗ್ಗಿದ್ದರೆ ಕೆಳಗೆ ಹೋಗುವುದೇ ಲಾಭ. ಚಳಿಗಾಲದಲ್ಲಿ ಅರಬ್ ನಾಡಿನ ಮೇಲೆ ಪಶ್ಚಿಮದಿಂದ ಬೀಸುವ ಜೆಟ್ ಗಾಳಿ ಬಲವಾಗಿರುತ್ತದೆ, ಹಾಗಾಗಿ ಹೋಗುವ ಹೊತ್ತಿಗಿಂತ ಬರುವ ಹೊತ್ತು ಕಡಿಮೆ. ಮಳೆಗಾಲದಲ್ಲಿ ನಮ್ಮ ನೆತ್ತಿಯ ಮೇಲೆ, ಅಷ್ಟು ಎತ್ತರದಲ್ಲಿ, ಗಾಳಿ ಪೂರ್ವದಿಂದ ಬೀಸುತ್ತದೆ. ಕೆಳಗೆ ನಮಗೆ ಮಳೆ ತರುವ ಗಾಳಿ ಪಶ್ಚಿಮದ್ದೇ ಆದರೂ ಮೇಲೆ ಅದು ಉಲ್ಟಾ.

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವಾಗ 35,000 ಮುಟ್ಟುವುದೇ ಇಲ್ಲ. ಯಾಕೆ?

ದಾರಿ ಸಾಲದು. ನೇರ ದೂರ 300 ಕಿಲೋಮೀಟರ್ ಚಿಲ್ಲರೆ. ಹತ್ತಲು 220, ಇಳಿಯಲು 195 ಬೇಕೆಂದು ಮೇಲೆ ನೋಡಿದೆವು. ಹಾಗಾಗಿ ಜೆಟ್ ಇಪ್ಪತ್ತೈದು ಸಾವಿರದ ಆಸುಪಾಸಿಗೆ ಏರಿ ಇಳಿಯಲು ತೊಡಗುತ್ತದೆ. ಇಳಿಯುವ ಲೆಕ್ಕಕ್ಕೆ ಪೈಲಟ್ಟುಗಳದು ಸುಲಭ ಸೂತ್ರ: ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲು, ಅಂದರೆ ಐದೂವರೆ ಕಿಲೋಮೀಟರ್.

ರೆಕ್ಕೆಯ ಮುಂದೆ ದೊಡ್ಡ ಪಂಖ ತಿರುಗುವ ಎಟಿಆರ್ ಇಂಥ ದಾರಿಗೆಂದೇ ಇರುವ ವಿಮಾನ. ಅದರ ಮೇಲ್ಮಿತಿ 25,000 ಅಡಿ. ವೇಗ ಗಂಟೆಗೆ 500ರ ಸುತ್ತ ಇರುವುದರಿಂದ ಅದಕ್ಕೆ ಬೇಕಾದ ಗಾಳಿ ದಟ್ಟವಾದದ್ದೇ.

ಮೇ ತಿಂಗಳ ಗುಡುಗು ಮೋಡದ ಮೇಲಿಂದ ಹಾರಿ ದಾಟುತ್ತಾರಾ?

ಇಲ್ಲ. ನಮ್ಮ ಕರಾವಳಿಯ ಮುಂಗಾರುಪೂರ್ವ ಮೋಡಗಳ ತಲೆ 50,000 ಅಡಿಯನ್ನೂ ಮೀರಬಹುದು. ರಾಡಾರಿನಲ್ಲಿ ನೋಡಿ ಸುತ್ತುಬಳಸಿ ಹೋಗುತ್ತಾರೆ. ಎತ್ತರದಿಂದ ತಪ್ಪುವುದು ತಗ್ಗಿನ ಮೋಡ ಮಳೆಯ ಕುಲುಕಾಟ ಮಾತ್ರ.

## ಸೂಕ್ಷ್ಮವಾಗಿ ಕೇಳುವವರಿಗೆ

ನಮ್ಮದು ಬಿಸಿ ನಾಡು. ಮೇಲಿನ ಗಾಳಿಗೂ ಅದರ ಪರಿಣಾಮ ಇದೆಯಾ?

ಇದೆ. ಪ್ರಮಾಣಿತ ಕೋಷ್ಟಕ 35,000 ಅಡಿಗೆ ಮೈನಸ್ 54 ಎನ್ನುತ್ತದೆ, ನಮ್ಮ ಅಕ್ಷಾಂಶದಲ್ಲಿ ಅಲ್ಲಿ ನಿಜವಾಗಿ ಮೈನಸ್ 40ರ ಆಸುಪಾಸು ಇರುತ್ತದೆ. ಶಬ್ದವೇಗದ ಇಂತಿಷ್ಟು ಪಾಲು ಎಂದು ಹಿಡಿದು ಹಾರುವಾಗ ರೆಕ್ಕೆ ಹೊರುವ ತೂಕ ಬರೀ ಒತ್ತಡವನ್ನು ನೆಚ್ಚಿದೆ, ಹಾಗಾಗಿ ರೆಕ್ಕೆಗೆ ತೊಂದರೆಯಿಲ್ಲ. ಏಟು ಬೀಳುವುದು ಇಂಜಿನ್ನಿಗೆ. ಬಿಸಿ ಗಾಳಿಯಲ್ಲಿ ಅದರ ಗರಿಷ್ಠ ನೂಕುಬಲ ಇಳಿಯುತ್ತದೆ. ರೆಕ್ಕೆ 37,000ಕ್ಕೆ ಒಪ್ಪಿದರೂ ಇಂಜಿನ್ 35,000ದಲ್ಲೇ ಸಾಕೆನ್ನಬಹುದು. ತುಂಬಿದ ವಿಮಾನ ಬಜ್ಪೆಯಿಂದ ಹೊರಟು ಮೊದಲ ಒಂದು ಗಂಟೆ 34,000ದಲ್ಲಿ ಇದ್ದು, ಉತ್ತರದ ತಣ್ಣನೆ ಗಾಳಿಗೆ ಸೇರಿ ಹಗುರವೂ ಆದ ಮೇಲೆ ಏರಿದರೆ ಅದರ ಹಿಂದೆ ಈ ಕಾರಣವೂ ಇರಬಹುದು.

ಅರಬ್ಬೀ ಸಮುದ್ರದ ನಡುವೆ ಕ್ಯಾಬಿನ್ನಿನ ಗಾಳಿಯೊತ್ತಡ ಹೋದರೆ ಇಂಧನ ಸಾಕಾಗುತ್ತದಾ?

ಸಾಕಾಗುವಂತೆ ಲೆಕ್ಕಹಾಕಿಯೇ ತುಂಬಿಸಿರುತ್ತಾರೆ. 35,000 ಅಡಿಯಲ್ಲಿ ಮುಖವಾಡವಿಲ್ಲದೆ ಬುದ್ಧಿ ನೆಟ್ಟಗೆ ಕೆಲಸ ಮಾಡುವುದು ಅರ್ಧದಿಂದ ಒಂದು ನಿಮಿಷ. ಮೇಲಿಂದ ಬೀಳುವ ಮುಖವಾಡದ ಆಮ್ಲಜನಕ ಬರುವುದು 12 ನಿಮಿಷದಷ್ಟು. ಅಷ್ಟರೊಳಗೆ ಪೈಲಟ್ 10,000 ಅಡಿಗೆ ಇಳಿಸುತ್ತಾರೆ, ಉಸಿರಾಟದ ಭಯ ಅಲ್ಲಿಗೆ ಮುಗಿಯಿತು. ಆಮೇಲಿನ ತೊಂದರೆ ಈ ಬರಹದ ಉದ್ದಕ್ಕೂ ಹೇಳಿದ್ದೇ: ಕಿಲೋಮೀಟರಿಗೆ 2.9 ಇದ್ದದ್ದು 4.4 ಆಗಿದೆ. ನಡುದಾರಿಯಲ್ಲಿ 1,225 ಕಿಲೋಮೀಟರ್ ಬಾಕಿ ಇದ್ದರೆ 3,550 ಕಿಲೋ ಸಾಕಾಗುತ್ತಿದ್ದಲ್ಲಿ 5,400 ಬೇಕು. ಅದಕ್ಕೇ ಹೊರಡುವ ಮೊದಲೇ ದಾರಿಯಲ್ಲಿ ಒಂದು ಕಠಿಣ ಬಿಂದುವನ್ನು ಗುರುತಿಸಿ, ಸರಿಯಾಗಿ ಅಲ್ಲೇ ಒತ್ತಡ ಹೋದರೂ ಕೆಳಗಿನ ಎತ್ತರದಲ್ಲಿ ಹಾರಿ ಮಸ್ಕತ್ತಿನಂಥ ನಿಲ್ದಾಣಕ್ಕೋ ಹಿಂದಕ್ಕೋ ತಲುಪುವಷ್ಟು ಇಂಧನ ಇದೆಯೇ ಎಂದು ನೋಡುತ್ತಾರೆ. ಇರದಿದ್ದರೆ ಹೆಚ್ಚು ತುಂಬಿಸುತ್ತಾರೆ.

ಒಮ್ಮೆ ದುಬೈವರೆಗೂ 25,000 ಅಡಿಯಲ್ಲೇ ಹೋಯಿತು, ಹೊರಡುವುದೂ ತಡವಾಯಿತು. ಏನೋ ಕೆಟ್ಟಿತ್ತಾ?

ಕೆಟ್ಟಿದ್ದಿರಬಹುದು, ಆದರೆ ಅಪಾಯದ ಮಟ್ಟದಲ್ಲಿ ಅಲ್ಲ. ಕ್ಯಾಬಿನ್ನಿಗೆ ಗಾಳಿ ಹದಮಾಡಿ ಕೊಡುವ ಪ್ಯಾಕ್ ಎಂಬ ಯಂತ್ರ ಎರಡಿರುತ್ತವೆ. ಒಂದು ಕೆಲಸ ಮಾಡದಿದ್ದರೆ 25,000 ಅಡಿ ಮೀರದಂತೆ ಹಾರಲು ನಿಯಮದಲ್ಲಿ ಅವಕಾಶವಿದೆ, ಉಳಿದ ಒಂದೂ ನಿಂತುಹೋದರೆ ಬೇಗ ಕೆಳಗಿಳಿಯಲಿ ಎಂದು. ಆ ಎತ್ತರದಲ್ಲಿ ಅದೇ 3.8 ಟನ್ ತಡೆಗೆ ಸಿಗುವ ವೇಗ ಗಂಟೆಗೆ 690 ಕಿಲೋಮೀಟರ್; ಕಿಲೋಮೀಟರಿಗೆ ಮೂರೂವರೆ ಕಿಲೋ ಇಂಧನ. ಶೇ 20ರಷ್ಟು ಹೆಚ್ಚು. ತಡವಾದದ್ದಕ್ಕೆ ಒಂದು ಕಾರಣ ಹೊಸದಾಗಿ ಲೆಕ್ಕಹಾಕಿ ಆ ಹೆಚ್ಚುವರಿ ಇಂಧನ ತುಂಬಿಸಿದ್ದೇ ಇರಬಹುದು. ಕುಳಿತವರಿಗೆ ಗುರುತು ಸಿಗುವುದು ಮೂರರಿಂದ: ಪರದೆಯ ಎತ್ತರದ ಅಂಕಿ, ಎಂದಿಗಿಂತ ಅರ್ಧ ಗಂಟೆ ಉದ್ದದ ಪ್ರಯಾಣ, ಮತ್ತು ಒಂದೇ ಪ್ಯಾಕಿನ ಗಾಳಿಯಿಂದಾಗಿ ಸ್ವಲ್ಪ ಸೆಕೆ ಎನಿಸುವ ಕ್ಯಾಬಿನ್.